ಶಿಫಾರಸು ಪತ್ರ

ಇವರಿಗೆ,
ಆಯ್ಕೆ ಸಮಿತಿಯ ಅಧ್ಯಕ್ಷರು,
ಶಿಕ್ಷಕರ ವೃತ್ತಿಪರ ತರಬೇತಿ ಫೆಲೋಶಿಪ್

ಮಾನ್ಯರೇ,

ವಿಷಯ: ಗಣಿತ ಶಿಕ್ಷಕಿ ಶ್ರೀಮತಿ ಸುಜಾತಾ ಅವರ ಅರ್ಜಿಗೆ ಶಿಫಾರಸು

ಸುಜಾತಾ ಅವರು ಒಂಬತ್ತು ವರ್ಷಗಳಿಂದ ನಮ್ಮ ಶಾಲೆಯಲ್ಲಿ ಆರು ಮತ್ತು ಏಳನೇ ತರಗತಿಗಳಿಗೆ ಗಣಿತ ಬೋಧಿಸುತ್ತಿದ್ದಾರೆ. ಕಳೆದ ಆರು ವರ್ಷಗಳಿಂದ ಪ್ರಾಂಶುಪಾಲೆಯಾಗಿ ಅವರ ಕೆಲಸವನ್ನು ಹತ್ತಿರದಿಂದ ಕಂಡಿದ್ದೇನೆ.

ಒಮ್ಮೆ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಒಬ್ಬ ಹುಡುಗ ಕಪ್ಪುಹಲಗೆಯ ಮೇಲೆ 1/2 + 1/3 = 2/5 ಎಂದು ಬರೆದ. ಸುಜಾತಾ ಅದನ್ನು ಅಳಿಸಲಿಲ್ಲ. ಕಾಗದದ ಪಟ್ಟಿಯೊಂದನ್ನು ಅರ್ಧಕ್ಕೆ ಮಡಚಿ ಅವನ ಕೈಗಿತ್ತು, "ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಕಡಿಮೆಯಾಗುತ್ತದೆಯೇ?" ಎಂದು ಕೇಳಿದರು. ಹುಡುಗ ಪಟ್ಟಿಯನ್ನು ಮತ್ತೆ ಮತ್ತೆ ಮಡಚಿ ನೋಡಿದ. ಅವರು ಅವಸರಪಡಿಸಲಿಲ್ಲ. ಕೊನೆಗೆ ಆರು ಸಮಭಾಗ ಮಾಡಿ, ಐದನ್ನು ಎಣಿಸಿ, ತನ್ನ ಉತ್ತರವನ್ನು ತಾನೇ ತಿದ್ದಿದ. ಮಕ್ಕಳ ಇಂಥ ತಪ್ಪುಗಳನ್ನೆಲ್ಲ ಅವರು ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ ಸಮೇತ ಬರೆದಿಡುತ್ತಾರೆ. ಈಗ ಅದು ಮೂರನೆಯ ಪುಸ್ತಕ.

ಸಹೋದ್ಯೋಗಿಗಳಿಗೆ ಸಲಹೆ ನೀಡಲು ಅವರು ಇನ್ನೂ ಹಿಂಜರಿಯುತ್ತಾರೆ. ಇದನ್ನು ಮುಚ್ಚಿಡಲಾರೆ. ಇತರ ಶಿಕ್ಷಕರಿಗೆ ಮಾರ್ಗದರ್ಶನ ನೀಡುವ ತರಬೇತಿ ನಿಮ್ಮ ಫೆಲೋಶಿಪ್‌ನಲ್ಲಿ ಇರುವುದರಿಂದಲೇ ಅರ್ಜಿ ಸಲ್ಲಿಸುವಂತೆ ನಾನು ಒತ್ತಾಯಿಸಿದೆ.

ತರಬೇತಿಯ ಅವಧಿಗೆ ವೇತನಸಹಿತ ರಜೆ ಮಂಜೂರು ಮಾಡಲು ಆಡಳಿತ ಮಂಡಳಿ ಒಪ್ಪಿದೆ. ಅವರ ತರಗತಿಗಳಿಗೆ ಬದಲಿ ವ್ಯವಸ್ಥೆಯೂ ಆಗಿದೆ. ಹಿಂತಿರುಗಿದ ಮೇಲೆ ವಾರಕ್ಕೆ ಎರಡು ಅವಧಿಗಳನ್ನು ಶಿಕ್ಷಕರ ಜೊತೆಗಿನ ಕೆಲಸಕ್ಕೆಂದೇ ಅವರಿಗೆ ಬಿಟ್ಟುಕೊಡುತ್ತೇವೆ.

ಅವರನ್ನು ಆಯ್ಕೆ ಮಾಡಬೇಕೆಂದು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ಪ್ರಾಂಶುಪಾಲರು