ಕ್ಷೇತ್ರ ಮಾರಾಟ ಸಿಬ್ಬಂದಿಯ ಇನ್ಸೆಂಟಿವ್ ಯೋಜನೆ: 2026–27

ಈ ಯೋಜನೆ 2026ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ಜಾರಿಯಲ್ಲಿರುತ್ತದೆ. ಪಂಪ್‌ಸೆಟ್, ಬಿಡಿಭಾಗ ಮತ್ತು ವಾರ್ಷಿಕ ನಿರ್ವಹಣಾ ಒಪ್ಪಂದಗಳನ್ನು ಡೀಲರ್‌ಗಳ ಮೂಲಕವೋ ನೇರವಾಗಿಯೋ ಮಾರಾಟ ಮಾಡುವ ಎಲ್ಲ ಸೇಲ್ಸ್ ಆಫೀಸರ್‌ಗಳಿಗೂ ಸೀನಿಯರ್ ಸೇಲ್ಸ್ ಆಫೀಸರ್‌ಗಳಿಗೂ ಇದು ಅನ್ವಯಿಸುತ್ತದೆ. ಏರಿಯಾ ಮ್ಯಾನೇಜರ್‌ಗಳಿಗೆ ಪ್ರತ್ಯೇಕ ಯೋಜನೆಯಿದೆ. ನಿಮ್ಮ ಇನ್ಸೆಂಟಿವ್ ಎಷ್ಟು ಎಂಬುದನ್ನು ಅಕೌಂಟ್ಸ್ ವಿಭಾಗದವರು ಹೇಳುವವರೆಗೆ ಕಾಯದೆ ನೀವೇ ಒಂದು ಹಾಳೆಯ ಮೇಲೆ ಲೆಕ್ಕ ಹಾಕುವಂತಿರಬೇಕು ಎಂಬ ಉದ್ದೇಶದಿಂದಲೇ ಸೂತ್ರವನ್ನು ಸರಳವಾಗಿಟ್ಟು, ಉದಾಹರಣೆಗಳನ್ನು ಮೊತ್ತದ ಸಮೇತ ಕೊಡಲಾಗಿದೆ.

1. ಟಾರ್ಗೆಟ್

ಪ್ರತಿ ತ್ರೈಮಾಸಿಕಕ್ಕೂ ನಿಮಗೆ ಒಂದು ಮಾರಾಟ ಟಾರ್ಗೆಟ್ ಮತ್ತು ಒಂದು ಗುರಿ ಇನ್ಸೆಂಟಿವ್ ನಿಗದಿಯಾಗುತ್ತದೆ. ಟಾರ್ಗೆಟ್ಟನ್ನು ಸರಿಯಾಗಿ 100% ಮುಟ್ಟಿದಾಗ ಕೈಗೆ ಬರುವ ಮೊತ್ತವೇ ಗುರಿ ಇನ್ಸೆಂಟಿವ್. ಪಂಪ್‌ಸೆಟ್ ಮಾರಾಟ ಋತುಮಾನವನ್ನು ಅವಲಂಬಿಸಿರುವುದರಿಂದ ವರ್ಷದ ಟಾರ್ಗೆಟ್ಟನ್ನು ನಾಲ್ಕು ಸಮಭಾಗ ಮಾಡುವುದಿಲ್ಲ. ನಿಮ್ಮ ಟೆರಿಟರಿಯ ಹಿಂದಿನ ಎರಡು ವರ್ಷಗಳ ಮಾರಾಟ, ಸಕ್ರಿಯ ಡೀಲರ್‌ಗಳ ಸಂಖ್ಯೆ ಮತ್ತು ಆ ಅವಧಿಗೆ ಕಾರ್ಖಾನೆ ಖಚಿತಪಡಿಸಿರುವ ಪೂರೈಕೆ, ಈ ಮೂರನ್ನೂ ನೋಡಿ ಹಂಚಲಾಗುತ್ತದೆ. ತ್ರೈಮಾಸಿಕದ ಮೊದಲ ಕೆಲಸದ ದಿನಕ್ಕೆ ಕನಿಷ್ಠ 10 ದಿನ ಮುಂಚೆ ಟಾರ್ಗೆಟ್ ಪತ್ರ ನಿಮ್ಮ ಕೈ ಸೇರಬೇಕು. ತಡವಾದರೆ ಹಿಂದಿನ ವರ್ಷದ ಅದೇ ತ್ರೈಮಾಸಿಕದ ಟಾರ್ಗೆಟ್ ಮುಂದುವರಿಯುತ್ತದೆ. ವಿಳಂಬದ ಹೊರೆ ನಿಮ್ಮ ಮೇಲೆ ಬೀಳುವುದಿಲ್ಲ.

ತ್ರೈಮಾಸಿಕ ಆರಂಭವಾದ ಮೇಲೆ ಟಾರ್ಗೆಟ್ಟನ್ನು ಹೆಚ್ಚಿಸುವಂತಿಲ್ಲ. ಚೆನ್ನಾಗಿ ಮಾರಾಟ ಮಾಡುತ್ತಿರುವವರ ಟಾರ್ಗೆಟ್ಟನ್ನು ನಡುವೆ ಏರಿಸಿದರೆ ಮುಂದಿನ ಬಾರಿ ಅವರು ಆರ್ಡರ್‌ಗಳನ್ನು ಬಚ್ಚಿಟ್ಟುಕೊಳ್ಳುವುದನ್ನು ಕಲಿಯುತ್ತಾರೆ. ಇಳಿಸುವುದಕ್ಕೆ ಮಾತ್ರ ಎರಡು ಸಂದರ್ಭಗಳಲ್ಲಿ ಅವಕಾಶವಿದೆ: ಕಂಪನಿಯ ಕಡೆಯಿಂದ ಯಾವುದಾದರೂ ಮಾದರಿಯ ಪೂರೈಕೆ ಸತತ 15 ದಿನಕ್ಕಿಂತ ಹೆಚ್ಚು ನಿಂತಿದ್ದರೆ, ಅಥವಾ ನಿಮ್ಮ ಟೆರಿಟರಿಯ ಡೀಲರ್‌ಗಳನ್ನು ಬೇರೆಯವರಿಗೆ ವರ್ಗಾಯಿಸಿದ್ದರೆ. ವೈದ್ಯಕೀಯ ರಜೆ, ಹೆರಿಗೆ ರಜೆ ಅಥವಾ ಮಂಜೂರಾದ ಇತರ ರಜೆ ಒಟ್ಟು 10 ಕೆಲಸದ ದಿನ ಮೀರಿದರೆ ಟಾರ್ಗೆಟ್ ಮತ್ತು ಗುರಿ ಇನ್ಸೆಂಟಿವ್ ಎರಡೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಹೊಸದಾಗಿ ಸೇರಿದವರಿಗೆ ಮೊದಲ ಪೂರ್ಣ ತ್ರೈಮಾಸಿಕದಲ್ಲಿ ಟೆರಿಟರಿ ಟಾರ್ಗೆಟ್‌ನ 50%, ಎರಡನೆಯದರಲ್ಲಿ 75% ಇರುತ್ತದೆ. ಗುರಿ ಇನ್ಸೆಂಟಿವ್ ಮಾತ್ರ ಪೂರ್ತಿಯಾಗಿಯೇ ಇರುತ್ತದೆ.

2. ಯಾವುದು ಮಾರಾಟವೆಂದು ಲೆಕ್ಕಕ್ಕೆ ಬರುತ್ತದೆ

ಆರ್ಡರ್ ಬುಕ್ ಆದಾಗಲಾಗಲಿ ಇನ್‌ವಾಯ್ಸ್ ಹಾಕಿದಾಗಲಾಗಲಿ ಮಾರಾಟ ನಿಮ್ಮ ಖಾತೆಗೆ ಸೇರುವುದಿಲ್ಲ. ಇನ್‌ವಾಯ್ಸ್‌ನ ಹಣ ಕಂಪನಿಯ ಬ್ಯಾಂಕ್ ಖಾತೆಗೆ ಬಂದ ದಿನ ಸೇರುತ್ತದೆ, ಮತ್ತು ಆ ದಿನ ಯಾವ ತ್ರೈಮಾಸಿಕದಲ್ಲಿದೆಯೋ ಅದರ ಲೆಕ್ಕಕ್ಕೇ ಹೋಗುತ್ತದೆ. ತೆರಿಗೆ, ಸಾಗಣೆ ವೆಚ್ಚ ಮತ್ತು ಡೀಲರ್ ರಿಯಾಯಿತಿಯನ್ನು ಕಳೆದ ನಿವ್ವಳ ಮೊತ್ತವನ್ನಷ್ಟೇ ಪರಿಗಣಿಸಲಾಗುತ್ತದೆ. ತ್ರೈಮಾಸಿಕದ ಕೊನೆಯ ವಾರದಲ್ಲಿ ಡೀಲರ್‌ನ ಗೋದಾಮಿಗೆ ಬೇಡದ ಸರಕನ್ನು ತುಂಬಿ, ಮುಂದಿನ ತಿಂಗಳು ವಾಪಸ್ ತರಿಸುವ ಅಭ್ಯಾಸಕ್ಕೆ ಈ ನಿಯಮದಿಂದ ಲಾಭವೇನೂ ಉಳಿಯುವುದಿಲ್ಲ.

ಒಂದು ಮಾರಾಟದಲ್ಲಿ ಇಬ್ಬರ ಶ್ರಮವಿದ್ದರೆ, ಉದಾಹರಣೆಗೆ ಗ್ರಾಹಕ ಒಬ್ಬರ ಟೆರಿಟರಿಯಲ್ಲಿದ್ದು ಬಿಲ್ ಆಗುವುದು ಇನ್ನೊಬ್ಬರ ಡೀಲರ್‌ನಲ್ಲಿ ಎಂದಾದರೆ, ಹಂಚಿಕೆಯನ್ನು ಇನ್‌ವಾಯ್ಸ್ ಆಗುವ ಮೊದಲೇ ಇಬ್ಬರೂ ಬರಹದಲ್ಲಿ ಒಪ್ಪಿ ಏರಿಯಾ ಮ್ಯಾನೇಜರ್‌ಗೆ ಕಳುಹಿಸಬೇಕು. ಒಪ್ಪಂದವಿಲ್ಲದಿದ್ದರೆ ಅರ್ಧರ್ಧ. ಯಾವ ಹಂಚಿಕೆಯೂ ಒಟ್ಟು 100% ಮೀರುವಂತಿಲ್ಲ.

3. ಇನ್ಸೆಂಟಿವ್ ಮತ್ತು ಆಕ್ಸಲರೇಟರ್

ಟಾರ್ಗೆಟ್‌ನ 70% ಮುಟ್ಟುವವರೆಗೆ ಇನ್ಸೆಂಟಿವ್ ಇಲ್ಲ. 70% ಮುಟ್ಟಿದ ಕೂಡಲೇ ಮೊದಲ ಶೇಕಡಾವಾರಿನಿಂದಲೇ ಲೆಕ್ಕ ಶುರುವಾಗಿ, ಸಾಧಿಸಿದ ಪ್ರತಿ 1%ಗೆ ಗುರಿ ಇನ್ಸೆಂಟಿವ್‌ನ 1% ದೊರೆಯುತ್ತದೆ. ಅಂದರೆ 92% ಸಾಧನೆಗೆ 92%. 100% ದಾಟಿದ ಮೇಲೆ 120%ವರೆಗಿನ ಪ್ರತಿ 1%ಗೆ 1.5%, 120% ದಾಟಿದ ಭಾಗದ ಪ್ರತಿ 1%ಗೆ 2% ಸಿಗುತ್ತದೆ. ಸಾಧನೆಯನ್ನು ಹತ್ತಿರದ ಪೂರ್ಣ ಶೇಕಡಾವಾರಿಗೆ ಸರಿಹೊಂದಿಸಲಾಗುತ್ತದೆ, 69.5% ಎಂದರೆ 70% ಎಂದೇ ಅರ್ಥ.

ಈ ಹೆಚ್ಚಿನ ದರ, ಅಂದರೆ ಆಕ್ಸಲರೇಟರ್, ಅನ್ವಯಿಸುವುದು ಆಯಾ ಮಟ್ಟದ ಮೇಲಿನ ಭಾಗಕ್ಕೆ ಮಾತ್ರ, ಮೊದಲಿನಿಂದ ಮಾಡಿದ ಎಲ್ಲ ಮಾರಾಟಕ್ಕಲ್ಲ. ಇದನ್ನು ತಪ್ಪಾಗಿ ಓದಿಕೊಂಡು, ಬಾರದ ಹಣವನ್ನು ಮೊದಲೇ ಖರ್ಚಿಗೆ ಹೊಂದಿಸಿಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ, ಆದ್ದರಿಂದ ಮೊತ್ತದೊಂದಿಗೇ ನೋಡೋಣ. ತ್ರೈಮಾಸಿಕದ ಟಾರ್ಗೆಟ್ 30,00,000 ರೂಪಾಯಿ, ಗುರಿ ಇನ್ಸೆಂಟಿವ್ 36,000 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮ ಖಾತೆಗೆ ಸೇರಿದ ಮಾರಾಟ 33,60,000 ರೂಪಾಯಿ ಆದರೆ ಸಾಧನೆ 112%. ಮೊದಲ 100ಕ್ಕೆ 100%, ಉಳಿದ 12ಕ್ಕೆ 12 × 1.5 = 18%, ಒಟ್ಟು 118%; ಮೊತ್ತ 42,480 ರೂಪಾಯಿ. ಅದೇ ಮಾರಾಟ 38,40,000 ರೂಪಾಯಿ ಆಗಿದ್ದರೆ ಸಾಧನೆ 128%. ಆಗ 100, ಅದರ ಮೇಲೆ 20 × 1.5 = 30, ಅದರ ಮೇಲೆ 8 × 2 = 16; ಒಟ್ಟು 146%, ಅಂದರೆ 52,560 ರೂಪಾಯಿ.

ಇನ್ಸೆಂಟಿವ್‌ಗೆ ಗರಿಷ್ಠ ಮಿತಿಯಿಲ್ಲ. ಆದರೆ ಒಂದೇ ಗ್ರಾಹಕರ ಒಂದೇ ಆರ್ಡರ್ ನಿಮ್ಮ ತ್ರೈಮಾಸಿಕ ಟಾರ್ಗೆಟ್‌ನ 40% ಮೀರಿದರೆ, 40%ಗಿಂತ ಮೇಲಿನ ಭಾಗಕ್ಕೆ ಆಕ್ಸಲರೇಟರ್ ಇಲ್ಲದೆ 1ಕ್ಕೆ 1ರ ದರದಲ್ಲೇ ಪಾವತಿಯಾಗುತ್ತದೆ. ಅಂಥ ಆರ್ಡರ್‌ಗಳಲ್ಲಿ ಬೆಲೆ, ಸಾಲದ ಅವಧಿ, ತಾಂತ್ರಿಕ ಒಪ್ಪಿಗೆ ಮುಂತಾದವುಗಳ ಹೆಚ್ಚಿನ ಭಾಗವನ್ನು ಕೇಂದ್ರ ಕಚೇರಿಯ ತಂಡವೇ ನಿರ್ವಹಿಸುತ್ತದೆ. ಈ ಮಿತಿಯನ್ನು ತಪ್ಪಿಸಲು ಒಂದು ಆರ್ಡರನ್ನು ಹಲವು ಬಿಲ್‌ಗಳಾಗಿ ಒಡೆದರೂ 30 ದಿನಗಳೊಳಗಿನ ಬಿಲ್‌ಗಳನ್ನು ಒಂದೇ ಆರ್ಡರ್ ಎಂದು ಪರಿಗಣಿಸಲಾಗುತ್ತದೆ.

ತ್ರೈಮಾಸಿಕ ಮುಗಿದ ತಿಂಗಳ ನಂತರದ ತಿಂಗಳ 10ನೇ ತಾರೀಖಿನೊಳಗೆ ಇನ್‌ವಾಯ್ಸ್‌ವಾರು ಸ್ಟೇಟ್‌ಮೆಂಟ್ ನಿಮಗೆ ತಲುಪುತ್ತದೆ. ಮೊತ್ತ ಅದೇ ತಿಂಗಳ ಸಂಬಳದ ಜೊತೆ, ಅನ್ವಯಿಸುವ ತೆರಿಗೆ ಕಡಿತದ ನಂತರ ಪಾವತಿಯಾಗುತ್ತದೆ.

4. ಕ್ಲಾಬ್ಯಾಕ್

ಪಾವತಿಯಾದ ಇನ್ಸೆಂಟಿವ್‌ನ ಭಾಗವನ್ನು ಕಂಪನಿ ವಾಪಸ್ ಪಡೆಯುವುದು ಮೂರು ಕಾರಣಗಳಿಗೆ: ಹಣ ಬಂದ 120 ದಿನಗಳೊಳಗೆ ಸರಕು ವಾಪಸಾಗಿ ಕ್ರೆಡಿಟ್ ನೋಟ್ ಆಗಿದ್ದರೆ; ನಿರ್ವಹಣಾ ಒಪ್ಪಂದವನ್ನು ಗ್ರಾಹಕರು ಅಷ್ಟೇ ಅವಧಿಯೊಳಗೆ ರದ್ದುಪಡಿಸಿ ಹಣ ಹಿಂಪಡೆದಿದ್ದರೆ; ಅಥವಾ ಲೆಕ್ಕದಲ್ಲೇ ತಪ್ಪಾಗಿದ್ದರೆ. ತಯಾರಿಕಾ ದೋಷ, ಕಂಪನಿ ಕಳುಹಿಸಿದ ತಪ್ಪು ಮಾದರಿ, ಸಾಗಣೆಯಲ್ಲಿ ಆದ ಹಾನಿ, ವಾರಂಟಿ ಬದಲಾವಣೆ, ಇವುಗಳಿಂದ ವಾಪಸಾದ ಸರಕಿಗೆ ಕ್ಲಾಬ್ಯಾಕ್ ಇಲ್ಲ. ಮಾರಾಟವನ್ನು ಸರಿಯಾಗಿ ಮಾಡಿದವರು ಕಾರ್ಖಾನೆಯ ತಪ್ಪಿಗೆ ದಂಡ ತೆರಬಾರದು. ಆದ್ದರಿಂದ ಕ್ರೆಡಿಟ್ ನೋಟ್‌ನಲ್ಲಿ ವಾಪಸಿನ ಕಾರಣವನ್ನು ನಮೂದಿಸುವಾಗ ಅದು ಸರಿಯಾಗಿದೆಯೇ ಎಂದು ನೀವು ಆಗಲೇ ನೋಡಿಕೊಳ್ಳುವುದು ಒಳ್ಳೆಯದು. "ಇತರೆ" ಎಂದು ಬರೆದಿದ್ದರೆ ನಂತರ ಕಾರಣವನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ.

ವಾಪಸಾದ ಮೊತ್ತವನ್ನು ಅದು ಮೂಲತಃ ಸೇರಿದ್ದ ತ್ರೈಮಾಸಿಕದಿಂದ ಕಳೆದು ಇನ್ಸೆಂಟಿವನ್ನು ಮತ್ತೆ ಲೆಕ್ಕ ಹಾಕಲಾಗುತ್ತದೆ. ಮೇಲಿನ 112% ಉದಾಹರಣೆಯಲ್ಲಿ 1,80,000 ರೂಪಾಯಿಯ ಸರಕು ವಾಪಸಾದರೆ ಸಾಧನೆ 106%ಗೆ ಇಳಿಯುತ್ತದೆ. ಆಗ ಅರ್ಹ ಇನ್ಸೆಂಟಿವ್ 109%, ಅಂದರೆ 39,240 ರೂಪಾಯಿ. ವ್ಯತ್ಯಾಸವಾದ 3,240 ರೂಪಾಯಿ ಕ್ಲಾಬ್ಯಾಕ್ ಆಗುತ್ತದೆ. ವಾಪಸಾದದ್ದು ಆಕ್ಸಲರೇಟರ್ ದರದಲ್ಲಿ ಗಳಿಸಿದ ಮಾರಾಟವಾದ್ದರಿಂದ ಹಿಂದಕ್ಕೆ ಹೋಗುವುದೂ ಅದೇ ದರದಲ್ಲಿ. ಆದರೆ ವಾಪಸಾತಿಯಿಂದ ಸಾಧನೆ 70%ಗಿಂತ ಕೆಳಗೆ ಬಿದ್ದಿತೆಂಬ ಕಾರಣಕ್ಕೆ ಇಡೀ ಇನ್ಸೆಂಟಿವನ್ನು ಕಸಿಯುವುದಿಲ್ಲ. 72% ಇದ್ದದ್ದು 69% ಆದರೆ ಹಿಂದಕ್ಕೆ ಹೋಗುವುದು 3% ಮಾತ್ರ.

ವಸೂಲಿ ಮುಂದಿನ ಇನ್ಸೆಂಟಿವ್ ಪಾವತಿಗಳಿಂದ ಮಾತ್ರ ನಡೆಯುತ್ತದೆ, ಅದೂ ಪ್ರತಿ ಪಾವತಿಯ 25% ಮೀರದಂತೆ. ಸಂಬಳ, ಪ್ರಯಾಣ ಭತ್ಯೆ ಅಥವಾ ದಿನಭತ್ಯೆಯನ್ನು ಮುಟ್ಟುವುದಿಲ್ಲ. ಕಡಿತಕ್ಕೆ 15 ದಿನ ಮೊದಲು ಇನ್‌ವಾಯ್ಸ್ ಸಂಖ್ಯೆ, ಕ್ರೆಡಿಟ್ ನೋಟ್ ಸಂಖ್ಯೆ ಮತ್ತು ಮರುಲೆಕ್ಕವಿರುವ ನೋಟಿಸ್ ನಿಮಗೆ ಬರಬೇಕು. ನೋಟಿಸ್ ಇಲ್ಲದ ಕಡಿತ ಅಮಾನ್ಯ. ಕೆಲಸ ಬಿಟ್ಟು ಹೋಗುವವರ ಅಂತಿಮ ಲೆಕ್ಕದಲ್ಲಿ, ಬಾಕಿಯಿರುವ ಇನ್ಸೆಂಟಿವ್ ಮೊತ್ತದ ಮಟ್ಟಿಗೆ ಹೊಂದಾಣಿಕೆ ಮಾಡಿಕೊಳ್ಳಲಾಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಕೈಯಿಂದ ಕಟ್ಟಿಸಿಕೊಳ್ಳುವುದಿಲ್ಲ. ನಕಲಿ ಬಿಲ್, ಇಲ್ಲದ ಗ್ರಾಹಕರ ಹೆಸರಿನಲ್ಲಿ ಆರ್ಡರ್, ಡೀಲರ್ ಜೊತೆ ಸೇರಿ ಮಾಡಿದ ಸುಳ್ಳು ವಹಿವಾಟು ಸಾಬೀತಾದರೆ ಮಾತ್ರ 120 ದಿನಗಳ ಗಡುವಾಗಲಿ 25% ಮಿತಿಯಾಗಲಿ ಅನ್ವಯಿಸುವುದಿಲ್ಲ. ಆ ವಹಿವಾಟಿನ ಇನ್ಸೆಂಟಿವ್ ಪೂರ್ತಿಯಾಗಿ ವಸೂಲಾಗುತ್ತದೆ ಮತ್ತು ಶಿಸ್ತು ಕ್ರಮ ಬೇರೆಯೇ ನಡೆಯುತ್ತದೆ.

5. ತಕರಾರು

ಸ್ಟೇಟ್‌ಮೆಂಟ್ ಅಥವಾ ಕ್ಲಾಬ್ಯಾಕ್ ನೋಟಿಸ್ ಕೈಗೆ ಬಂದ 21 ದಿನಗಳೊಳಗೆ ನೀವು ತಕರಾರು ಸಲ್ಲಿಸಬಹುದು. ಉದ್ದನೆಯ ಪತ್ರ ಬೇಕಿಲ್ಲ: ಯಾವ ಇನ್‌ವಾಯ್ಸ್, ಸ್ಟೇಟ್‌ಮೆಂಟ್‌ನಲ್ಲಿ ಏನಿದೆ, ನಿಮ್ಮ ಪ್ರಕಾರ ಏನಿರಬೇಕು, ಅದಕ್ಕೆ ಆಧಾರವೇನು, ಇಷ್ಟು ಸಾಕು. "ನನ್ನ ಇನ್ಸೆಂಟಿವ್ ಕಡಿಮೆ ಬಂದಿದೆ" ಎಂದಷ್ಟೇ ಬರೆದರೆ ಯಾವ ಸಾಲನ್ನು ಪರಿಶೀಲಿಸಬೇಕೆಂಬುದು ಯಾರಿಗೂ ತಿಳಿಯುವುದಿಲ್ಲ; "ಡೀಲರ್ ಮಾರ್ಚ್ 30ರಂದು ಪಾವತಿಸಿದ್ದಾರೆ, ಬ್ಯಾಂಕ್ ಸಂದೇಶ ಲಗತ್ತಿಸಿದ್ದೇನೆ, ಆದರೆ ಏಪ್ರಿಲ್ ಲೆಕ್ಕಕ್ಕೆ ಹಾಕಲಾಗಿದೆ" ಎಂದು ಬರೆದರೆ ಅದೇ ದಿನ ತೀರ್ಮಾನವಾಗಬಹುದು.

ತಕರಾರು ಮೊದಲು ಏರಿಯಾ ಮ್ಯಾನೇಜರ್‌ಗೆ ಹೋಗುತ್ತದೆ; ಅವರು 7 ಕೆಲಸದ ದಿನಗಳೊಳಗೆ ಬರಹದಲ್ಲಿ ಉತ್ತರಿಸಬೇಕು. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ನೀವು ನೇರವಾಗಿ ಇನ್ಸೆಂಟಿವ್ ಪರಿಶೀಲನಾ ಸಮಿತಿಗೆ ಕಳುಹಿಸಬಹುದು, ಮ್ಯಾನೇಜರ್ ಅನುಮತಿ ಬೇಕಿಲ್ಲ. ಸಮಿತಿಯಲ್ಲಿ ಅಕೌಂಟ್ಸ್‌ನಿಂದ ಒಬ್ಬರು, ಮಾನವ ಸಂಪನ್ಮೂಲ ವಿಭಾಗದಿಂದ ಒಬ್ಬರು ಮತ್ತು ಬೇರೆ ವಲಯದ ಒಬ್ಬ ಸೀನಿಯರ್ ಸೇಲ್ಸ್ ಆಫೀಸರ್ ಇರುತ್ತಾರೆ. ಹಂಚಿಕೆಯ ವಿವಾದದಲ್ಲಿ ಇಬ್ಬರು ಸಹೋದ್ಯೋಗಿಗಳು ಎದುರುಬದುರಾದಾಗ ಇಬ್ಬರ ಮಾತನ್ನೂ, ಸಾಧ್ಯವಾದರೆ ಫೋನಿನಲ್ಲಾದರೂ, ಕೇಳಿಯೇ ಸಮಿತಿ ನಿರ್ಧರಿಸಬೇಕು. ತೀರ್ಮಾನಕ್ಕೆ 20 ಕೆಲಸದ ದಿನಗಳ ಗಡುವಿದೆ. ಅದರಲ್ಲಿ ಕಾರಣಗಳನ್ನು ನಮೂದಿಸಿರಬೇಕು.

ತಕರಾರು ಇರುವಷ್ಟು ಮೊತ್ತವನ್ನು ಮಾತ್ರ ತಡೆಹಿಡಿಯಲಾಗುತ್ತದೆ. ಉಳಿದದ್ದು ನಿಗದಿತ ದಿನವೇ ಪಾವತಿಯಾಗುತ್ತದೆ. ತಕರಾರು ಬಾಕಿಯಿರುವಾಗ ಆ ಮೊತ್ತದ ಕ್ಲಾಬ್ಯಾಕ್ ಕಡಿತವೂ ನಿಲ್ಲುತ್ತದೆ. ಸಮಿತಿ 20 ಕೆಲಸದ ದಿನಗಳಲ್ಲಿ ತೀರ್ಮಾನ ಕೊಡದಿದ್ದರೆ ತಕರಾರಿನ ಮೊತ್ತ ನಿಮ್ಮ ಪರವಾಗಿ ಇತ್ಯರ್ಥವಾಯಿತೆಂದು ಭಾವಿಸಿ ಮುಂದಿನ ಸಂಬಳದೊಂದಿಗೆ ಸೇರಿಸಲಾಗುತ್ತದೆ. ಸದುದ್ದೇಶದಿಂದ ತಕರಾರು ಸಲ್ಲಿಸಿದ ಕಾರಣಕ್ಕೆ ಟೆರಿಟರಿ ಬದಲಾವಣೆ, ಮುಂದಿನ ಟಾರ್ಗೆಟ್‌ನಲ್ಲಿ ಏರಿಕೆ ಅಥವಾ ವಾರ್ಷಿಕ ಮೌಲ್ಯಮಾಪನದಲ್ಲಿ ಇಳಿಕೆ ಮಾಡುವಂತಿಲ್ಲ. ಹಾಗಾಗಿದೆ ಎಂದು ಅನಿಸಿದರೆ ಅದನ್ನೂ ಇದೇ ಸಮಿತಿಯ ಮುಂದಿಡಬಹುದು.

6. ತಿದ್ದುಪಡಿ

ಈ ಯೋಜನೆಯನ್ನು ಕಂಪನಿ 30 ದಿನಗಳ ಮುನ್ಸೂಚನೆ ಕೊಟ್ಟು ಬದಲಾಯಿಸಬಹುದು. ಬದಲಾವಣೆ ಮುಂದಿನ ತ್ರೈಮಾಸಿಕದಿಂದ ಮಾತ್ರ ಜಾರಿಗೆ ಬರುತ್ತದೆ, ಈಗಾಗಲೇ ಗಳಿಸಿದ ಇನ್ಸೆಂಟಿವ್‌ಗೆ ತಗಲುವುದಿಲ್ಲ. ಮ್ಯಾನೇಜರ್‌ಗಳು ಬಾಯಿಮಾತಿನಲ್ಲಿ ಕೊಡುವ ಭರವಸೆಗಳು ಈ ದಾಖಲೆಯ ಭಾಗವಲ್ಲ. ಇಲ್ಲಿನ ನಿಯಮಗಳಿಗೂ ನಿಮ್ಮ ನೇಮಕಾತಿ ಪತ್ರಕ್ಕೂ ವ್ಯತ್ಯಾಸ ಕಂಡುಬಂದರೆ, ಇನ್ಸೆಂಟಿವ್‌ಗೆ ಸಂಬಂಧಿಸಿದ ಮಟ್ಟಿಗೆ ನಿಮಗೆ ಅನುಕೂಲವಾಗಿರುವ ನಿಯಮವೇ ಅನ್ವಯಿಸುತ್ತದೆ. ದಾಖಲೆಯನ್ನು ಓದಿದ್ದೀರಿ ಎಂಬ ಸ್ವೀಕೃತಿಯನ್ನು 2026ರ ಏಪ್ರಿಲ್ 10ರೊಳಗೆ ಸಹಿಯೊಂದಿಗೆ ಏರಿಯಾ ಮ್ಯಾನೇಜರ್‌ಗೆ ತಲುಪಿಸಿ. ಸ್ವೀಕೃತಿಗೆ ಸಹಿ ಮಾಡಿದ್ದರಿಂದ ತಕರಾರು ಸಲ್ಲಿಸುವ ನಿಮ್ಮ ಹಕ್ಕಿಗೆ ಧಕ್ಕೆಯಾಗುವುದಿಲ್ಲ.