ವಾರ್ಷಿಕ ಕ್ರೀಡಾಕೂಟ: ಸಿಬ್ಬಂದಿಯ ಕರ್ತವ್ಯ ಹಂಚಿಕೆ ಸುತ್ತೋಲೆ

ಮುಖ್ಯ ಶಿಕ್ಷಕರ ಕಚೇರಿ, ಸರ್ಕಾರಿ ಪ್ರೌಢಶಾಲೆ
ಸುತ್ತೋಲೆ ಸಂಖ್ಯೆ: 14/2025-26
ದಿನಾಂಕ: 04.12.2025

ವಿಷಯ: ದಿನಾಂಕ 13.12.2025ರ ಶನಿವಾರ ನಡೆಯುವ ಶಾಲಾ ಕ್ರೀಡಾಕೂಟಕ್ಕೆ ತೀರ್ಪುಗಾರರು, ಸಮಯಪಾಲಕರು, ದಾಖಲೆಗಾರರು ಹಾಗೂ ಪ್ರಥಮ ಚಿಕಿತ್ಸಾ ತಂಡದ ನೇಮಕ ಕುರಿತು.

ಶಾಲೆಯ ಎಲ್ಲ ಬೋಧಕ, ಬೋಧಕೇತರ ಸಿಬ್ಬಂದಿ, ಅತಿಥಿ ಶಿಕ್ಷಕರು ಮತ್ತು ಬಿ.ಎಡ್. ಪ್ರಶಿಕ್ಷಣಾರ್ಥಿಗಳಿಗೆ ತಿಳಿಯಪಡಿಸುವುದೇನೆಂದರೆ, ಈ ಸಾಲಿನ ಕ್ರೀಡಾಕೂಟವು ಮೇಲ್ಕಂಡ ದಿನಾಂಕದಂದು ಬೆಳಿಗ್ಗೆ 8.30ಕ್ಕೆ ಧ್ವಜಾರೋಹಣದೊಂದಿಗೆ ಆರಂಭವಾಗುತ್ತದೆ. ಶನಿವಾರವಾದರೂ ಅಂದು ಪೂರ್ಣ ದಿನ. ಸಿಬ್ಬಂದಿ 7.30ಕ್ಕೆ ಮೈದಾನದಲ್ಲಿರಬೇಕು. ಹಾಜರಿ ವಹಿಯನ್ನೂ ಅಲ್ಲಿಗೇ ತರಿಸಲಾಗುವುದು. ಕಬಡ್ಡಿ, ಖೋಖೋ, ವಾಲಿಬಾಲ್ ಹಿಂದಿನ ವಾರವೇ ಮುಗಿಯುವುದರಿಂದ ಅಂದು ಅಥ್ಲೆಟಿಕ್ಸ್ ಮಾತ್ರ ಇರುತ್ತದೆ.

ಈ ಬಾರಿ ಕೆಲಸಗಳನ್ನು ಬೇರೆ ಬೇರೆಯಾಗಿ ಬರೆದು ಕೊಡಲು ಕಾರಣವಿದೆ. ಓಟ ಮುಗಿದ ಕೂಡಲೇ ಗೆರೆಯ ಬಳಿ ಹತ್ತು ಜನ ಸೇರಿ "ನೀಲಿ ಬನಿಯನ್ ಹುಡುಗ ಎರಡನೆಯವ", "ಇಲ್ಲ ಸರ್, ಮೂರನೆಯವ" ಎಂದು ಚರ್ಚೆ ಮಾಡುವುದು, ಕೊನೆಗೆ ಗಟ್ಟಿ ದನಿಯವರ ಮಾತೇ ಫಲಿತಾಂಶವಾಗುವುದು ಇನ್ನು ಬೇಡ. ಸ್ಥಾನ ಹೇಳುವವರು ತೀರ್ಪುಗಾರರು, ಸಮಯ ಹೇಳುವವರು ಸಮಯಪಾಲಕರು, ಬರೆಯುವವರು ದಾಖಲೆಗಾರರು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಬಾಯಿ ಹಾಕಬಾರದು. ನಾನೂ ಹಾಕುವುದಿಲ್ಲ.

ದೈಹಿಕ ಶಿಕ್ಷಣ ಶಿಕ್ಷಕರು ಸಂಘಟನಾ ಕಾರ್ಯದರ್ಶಿಯೂ ಓಟಗಳ ಸ್ಟಾರ್ಟರೂ ಆಗಿರುತ್ತಾರೆ. ನಿಯಮದ ವಿಷಯದಲ್ಲಿ ಅವರ ಮಾತೇ ಅಂತಿಮ. ತಪ್ಪು ಆರಂಭಕ್ಕೆ ಒಬ್ಬರಿಗೆ ಒಂದು ಎಚ್ಚರಿಕೆ. ಅದೇ ವಿದ್ಯಾರ್ಥಿ ಮತ್ತೆ ಮಾಡಿದರೆ ಹೊರಗೆ. ದೊಡ್ಡ ಕೂಟಗಳಲ್ಲಿ ಮೊದಲ ತಪ್ಪಿಗೇ ಹೊರಗೆ ಹಾಕುತ್ತಾರೆ. ನಮ್ಮ ಎಂಟನೇ ತರಗತಿ ಮಕ್ಕಳಿಗೆ ಅಷ್ಟು ಬಿಗಿ ಬೇಡವೆಂದು ತೀರ್ಮಾನಿಸಿದೆ.

ಮುಕ್ತಾಯ ಗೆರೆಯ ತೀರ್ಪುಗಾರರು

ಸಮಾಜ ವಿಜ್ಞಾನದ ಹಿರಿಯ ಶಿಕ್ಷಕರು ಮುಖ್ಯ ತೀರ್ಪುಗಾರರು. ಅವರು ಮೊದಲ ಸ್ಥಾನವನ್ನು ಮಾತ್ರ ನೋಡುತ್ತಾರೆ. ಸಮಾಜ ವಿಜ್ಞಾನದ ಇನ್ನೊಬ್ಬ ಶಿಕ್ಷಕಿ ಎರಡನೇ ಸ್ಥಾನವನ್ನು, ಕನ್ನಡದ ಕಿರಿಯ ಶಿಕ್ಷಕರು ಮೂರನೇ ಸ್ಥಾನವನ್ನು ನೋಡುತ್ತಾರೆ. ಎಲ್ಲರೂ ಎಲ್ಲರನ್ನೂ ನೋಡಲು ಹೋದರೆ ಯಾರೂ ಯಾರನ್ನೂ ಸರಿಯಾಗಿ ನೋಡಿರುವುದಿಲ್ಲ. ಮೂವರೂ ಗೆರೆಯ ನೇರಕ್ಕೆ, ಪಕ್ಕದಲ್ಲಿ ಇಟ್ಟ ಬೆಂಚುಗಳ ಮೇಲೆ ಹಿಂದೆ ಮುಂದೆ ನಿಲ್ಲಬೇಕು. ಎದುರಿನಿಂದ ನೋಡಿದರೆ ಹತ್ತಿರದ ಲೇನಿನವರೇ ಮುಂದೆ ಬಂದಂತೆ ಕಾಣುತ್ತದೆ.

ಗೆರೆಯ ಮಟ್ಟಕ್ಕೆ ಮೊದಲು ಮುಟ್ಟಬೇಕಾದದ್ದು ಎದೆ, ಭುಜದ ಭಾಗ, ಅಂದರೆ ಮುಂಡ. ತಲೆ, ಚಾಚಿದ ಕೈ, ಕಾಲು ಲೆಕ್ಕಕ್ಕಿಲ್ಲ. ಕೈ ಚಾಚಿ ಬಿದ್ದ ಹುಡುಗನಿಗೆ ಚಪ್ಪಾಳೆ ಬೀಳಬಹುದು, ಸ್ಥಾನ ಸಿಗುವುದಿಲ್ಲ. ಓಟ ಮುಗಿದ ಕೂಡಲೇ ತಾವು ಕಂಡ ಚೆಸ್ಟ್ ನಂಬರನ್ನು ಚೀಟಿಯಲ್ಲಿ ಬರೆದು, ಪಕ್ಕದವರನ್ನು ಕೇಳದೆ, ಮಡಚಿ ಮುಖ್ಯ ತೀರ್ಪುಗಾರರಿಗೆ ಕೊಡಿ. ಒಂದೇ ನಂಬರ್ ಎರಡು ಚೀಟಿಯಲ್ಲಿ ಬಂದರೆ ಮುಖ್ಯ ತೀರ್ಪುಗಾರರು ಮೂವರನ್ನೂ ಕೇಳಿ ತೀರ್ಮಾನಿಸುತ್ತಾರೆ. ಪೋಷಕರ ಮೊಬೈಲ್ ವಿಡಿಯೋ ಪರಿಗಣಿಸುವುದಿಲ್ಲ. ಅದು ಗೆರೆಯ ನೇರದಿಂದ ತೆಗೆದದ್ದಾಗಿರುವುದಿಲ್ಲ.

ಕಾವೇರಿ, ತುಂಗಾ, ಶರಾವತಿ, ನೇತ್ರಾವತಿ ತಂಡಗಳ ಉಸ್ತುವಾರಿ ಶಿಕ್ಷಕರು ತೀರ್ಪುಗಾರರಾಗಿದ್ದಾಗ ತಮ್ಮ ತಂಡದ ಬಣ್ಣದ ಟೋಪಿ, ಶಾಲು ಧರಿಸಬಾರದು. ಕೂಗಿ ಹುರಿದುಂಬಿಸುವುದೂ ಬೇಡ. ಆಸೆ ಇರುವುದು ಸಹಜ. ರಿಲೇ ಮುಗಿದ ಮೇಲೆ ಬೇಕಾದಷ್ಟು ಕೂಗಿ.

100 ಮೀ. ಓಟಕ್ಕೆ ಮೂರು ಹೀಟ್ಸ್. ಪ್ರತಿ ಹೀಟ್ಸ್‌ನ ಮೊದಲ ಇಬ್ಬರು ಫೈನಲ್‌ಗೆ. ನಮ್ಮಲ್ಲಿರುವುದು ಆರೇ ಲೇನ್. 400 ಮೀ. ಎಂದರೆ ನಮ್ಮ 200 ಮೀ. ಟ್ರ್ಯಾಕಿನಲ್ಲಿ ಎರಡು ಸುತ್ತು, 800 ಮೀ. ನಾಲ್ಕು ಸುತ್ತು. ಸುತ್ತು ಎಣಿಸಿ ಕೊನೆಯ ಸುತ್ತಿಗೆ ಗಂಟೆ ಬಾರಿಸುವ ಕೆಲಸ ಒಬ್ಬ ಪ್ರಶಿಕ್ಷಣಾರ್ಥಿಗೆ ಪ್ರತ್ಯೇಕವಾಗಿ ಕೊಟ್ಟಿದೆ. ಅವರಿಗೆ ಬೇರೆ ಯಾವ ಕೆಲಸವನ್ನೂ ಹೇಳಬೇಡಿ. 4×100 ರಿಲೇಯಲ್ಲಿ ಬ್ಯಾಟನ್ ಬದಲಾವಣೆಯ 30 ಮೀ. ವಲಯಗಳ ಬಳಿ ಮೂವರು ಪ್ರಶಿಕ್ಷಣಾರ್ಥಿಗಳು ಇರುತ್ತಾರೆ. ವಲಯದ ಒಳಗಿರಬೇಕಾದದ್ದು ಬ್ಯಾಟನ್, ಓಡುವವರ ಕಾಲಲ್ಲ. ಹೊರಗೆ ಬದಲಾದರೆ ಕೆಂಪು ಬಾವುಟ ಎತ್ತಿ, ಓಟ ಮುಗಿಯುವವರೆಗೆ ಅಲ್ಲೇ ನಿಲ್ಲಿ.

ಮೈದಾನ ಸ್ಪರ್ಧೆಗಳ ತೀರ್ಪುಗಾರರು

ಉದ್ದ ಜಿಗಿತ ಹಿಂದಿ ಶಿಕ್ಷಕಿಯವರದು. ಪ್ರತಿಯೊಬ್ಬರಿಗೆ ಮೂರು ಅವಕಾಶ, ಮೊದಲ ಎಂಟು ಮಂದಿಗೆ ಮತ್ತೆ ಮೂರು. ಮರಳಿನಲ್ಲಿ ಹಲಗೆಗೆ ಅತ್ಯಂತ ಹತ್ತಿರ ಬಿದ್ದ ಗುರುತಿನಿಂದ ಅಳೆಯಬೇಕು, ಅದು ಹಿಂದಕ್ಕೆ ಊರಿದ ಕೈಯ ಗುರುತಾದರೂ ಸರಿ. ಟೇಪಿನ ಸೊನ್ನೆ ಮರಳಿನ ಕಡೆ, ಓದುವುದು ಹಲಗೆಯ ಕಡೆ. ಸೆಂಟಿಮೀಟರಿನ ನಡುವೆ ನಿಂತರೆ ಕೆಳಗಿನ ಅಂಕಿ ಬರೆಯಿರಿ. ಅಳೆದು ಬರೆಯುವವರೆಗೆ ಮರಳು ಎಳೆಯಲು ಬಿಡಬೇಡಿ. ಸಲಿಕೆ ಹಿಡಿದ ಹುಡುಗರಿಗೆ ಅವಸರ ಜಾಸ್ತಿ. ಇಬ್ಬರ ದೂರ ಸಮವಾದರೆ ಅವರ ಎರಡನೇ ಉತ್ತಮ ಜಿಗಿತ ನೋಡಿ.

ಎತ್ತರ ಜಿಗಿತ ಇಂಗ್ಲಿಷ್ ಹಿರಿಯ ಶಿಕ್ಷಕರದು. ಕಾಲೇಜಿನಿಂದ ಫೋಮ್ ಬೆಡ್ ಎರವಲು ಕೇಳಿದ್ದೇವೆ. ಅದು ಬಾರದಿದ್ದರೆ ಈ ಸ್ಪರ್ಧೆ ಇಲ್ಲ. ಬರೀ ಮರಳಿನ ಮೇಲೆ ಮಕ್ಕಳನ್ನು ಹಾರಿಸುವುದಿಲ್ಲ. ಸತತ ಮೂರು ಬಾರಿ ವಿಫಲರಾದವರು ಹೊರಗೆ. ಹಾಳೆಯಲ್ಲಿ ದಾಟಿದ್ದಕ್ಕೆ ಸೊನ್ನೆ, ಬೀಳಿಸಿದ್ದಕ್ಕೆ ಗುಣಾಕಾರದ ಗುರುತು, ಬಿಟ್ಟುಕೊಟ್ಟಿದ್ದಕ್ಕೆ ಅಡ್ಡಗೆರೆ ಹಾಕಿ. ಇಲ್ಲಿ ಸೊನ್ನೆ ಒಳ್ಳೆಯದು ಎಂಬುದನ್ನು ಬರೆಯುವವರು ಮರೆಯದಿರಲಿ. ಸಮವಾದರೆ ಮೊದಲು ಕೊನೆಯದಾಗಿ ದಾಟಿದ ಎತ್ತರದಲ್ಲಿ ಕಡಿಮೆ ಪ್ರಯತ್ನ, ಆಮೇಲೆ ಆ ಎತ್ತರದವರೆಗಿನ ಒಟ್ಟು ವೈಫಲ್ಯ ಕಡಿಮೆ ಇದ್ದವರು ಮುಂದೆ.

ಗುಂಡು ಎಸೆತ ಚಿತ್ರಕಲಾ ಶಿಕ್ಷಕರದು. ಹುಡುಗರಿಗೆ 5 ಕೆ.ಜಿ., ಹುಡುಗಿಯರಿಗೆ 3 ಕೆ.ಜಿ. ಗುಂಡು ನೆಲಕ್ಕೆ ಬಿದ್ದ ಮೇಲೆ ವೃತ್ತದ ಹಿಂಭಾಗದಿಂದ ಹೊರಬರಬೇಕು. ಎಸೆತದ ಬದಿಗೆ ಹಗ್ಗ ಕಟ್ಟಿಸಿ. ಎಸೆದ ಗುಂಡನ್ನು ಕೈಯಲ್ಲಿ ಹಿಡಿದು ತರಬೇಕು, ತಿರುಗಿ ಎಸೆಯುವಂತಿಲ್ಲ. ಹಗ್ಗದೊಳಗೆ ಒಬ್ಬ ವಿದ್ಯಾರ್ಥಿ ಕಂಡರೂ ಸ್ಪರ್ಧೆ ನಿಲ್ಲಿಸಲು ತೀರ್ಪುಗಾರರಿಗೆ ಪೂರ್ಣ ಅಧಿಕಾರವಿದೆ.

ಸಮಯಪಾಲಕರು

ಇಬ್ಬರು ಗಣಿತ ಶಿಕ್ಷಕರು, ಇಂಗ್ಲಿಷ್ ಕಿರಿಯ ಶಿಕ್ಷಕಿ, ಅತಿಥಿ ಶಿಕ್ಷಕರು. ಗಣಿತದ ಹಿರಿಯರು ಮುಖ್ಯಸ್ಥರು. ಶಾಲೆಯಲ್ಲಿ ನಾಲ್ಕು ಸ್ಟಾಪ್‌ವಾಚ್ ಇವೆ: ಮೂರು ಮೊದಲ ಸ್ಥಾನಕ್ಕೆ, ಒಂದು ಎರಡನೆಯದಕ್ಕೆ. ಮೊಬೈಲ್ ಸ್ಟಾಪ್‌ವಾಚ್ ಬಳಸಬಾರದು. ಬೆವರಿದ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ, ನಡುವೆ ಕರೆ ಬಂದರೆ ಮುಗಿದೇ ಹೋಯಿತು.

ಸ್ಟಾರ್ಟರ್ ಮರದ ಕ್ಲಾಪರ್ ಬಳಸುತ್ತಾರೆ. ಶಬ್ದ ಕೇಳಿ ಒತ್ತಬೇಡಿ, ಹಲಗೆಗಳು ಕೂಡಿದ್ದನ್ನು ಕಂಡು ಒತ್ತಿ. ಶಬ್ದ 100 ಮೀ. ಸಾಗಿ ಬರಲು ಸುಮಾರು 0.3 ಸೆಕೆಂಡ್ ಬೇಕು. ಅಷ್ಟು ತಡವಾಗಿ ಒತ್ತಿದರೆ ಓಡದೆಯೇ ಶಾಲಾ ದಾಖಲೆ ಮುರಿದು ಬೀಳುತ್ತದೆ! ಕ್ಲಾಪರ್ ಎತ್ತಿ ಹಿಡಿದದ್ದು ಚೆನ್ನಾಗಿ ಕಾಣಲೆಂದು ಸ್ಟಾರ್ಟರ್ ಹಿಂದೆ ಕಪ್ಪು ಹಲಗೆಯೊಂದನ್ನು ನಿಲ್ಲಿಸಲಾಗುವುದು.

ಮೂರು ವಾಚ್‌ಗಳಲ್ಲಿ ಎರಡು ಹೊಂದಿದರೆ ಅದೇ ಸಮಯ. ಮೂರೂ ಬೇರೆ ಬೇರೆಯಾದರೆ ನಡುವಿನದು, ಸರಾಸರಿ ಅಲ್ಲ. ಒಂದು ವಾಚ್ ಕೆಟ್ಟು ಎರಡೇ ಉಳಿದು ಅವೂ ಹೊಂದದಿದ್ದರೆ ಹೆಚ್ಚಿನ ಸಮಯ. ಸ್ಟಾಪ್‌ವಾಚ್‌ನ ಓದನ್ನು ಮುಂದಿನ ಹತ್ತನೇ ಒಂದು ಸೆಕೆಂಡಿಗೆ ಏರಿಸಿ ಬರೆಯಬೇಕು: 13.41 ಬಂದರೆ 13.5, ಸರಿಯಾಗಿ 13.40 ಬಂದರೆ 13.4. ಗಣಿತದವರಿಗೆ ಈ ರೀತಿ ಏರಿಸುವುದು ಕಸಿವಿಸಿ ಎನ್ನಿಸಬಹುದು, ಆದರೆ ಅಥ್ಲೆಟಿಕ್ಸ್ ನಿಯಮ ಇರುವುದೇ ಹಾಗೆ. ದಾಖಲೆಗಾರರು ಬರೆದುಕೊಂಡು "ಆಯಿತು" ಎನ್ನುವವರೆಗೆ ವಾಚನ್ನು ಸೊನ್ನೆಗೆ ತರಬೇಡಿ.

ದಾಖಲೆಗಾರರು

ಗೆರೆಯ ಬಳಿ ಕನ್ನಡದ ಹಿರಿಯ ಶಿಕ್ಷಕಿ, ಶಾಮಿಯಾನದ ಮೇಜಿನಲ್ಲಿ ದ್ವಿತೀಯ ದರ್ಜೆ ಸಹಾಯಕರು. ಓಟಕ್ಕೆ ಬಿಳಿ ಹಾಳೆ, ಮೈದಾನ ಸ್ಪರ್ಧೆಗೆ ಹಳದಿ ಹಾಳೆ. ಹೆಸರಿಗಿಂತ ಮೊದಲು ಚೆಸ್ಟ್ ನಂಬರ್ ಬರೆಯಿರಿ. ಹತ್ತನೇ ತರಗತಿಯಲ್ಲೇ ಒಂದೇ ಹೆಸರಿನ ಮೂವರು ಇದ್ದಾರೆ. ತಪ್ಪಿದರೆ ಗೀಚಿ ಅಳಿಸದೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಿ. ವೈಟ್ನರ್ ಮೇಜಿನ ಮೇಲೆ ಇರಕೂಡದು.

ಅಂಕಗಳು: ಪ್ರಥಮ 5, ದ್ವಿತೀಯ 3, ತೃತೀಯ 1, ರಿಲೇಗೆ ಇದರ ದುಪ್ಪಟ್ಟು. ಮುಖ್ಯ ತೀರ್ಪುಗಾರರ ಸಹಿ ಬಿದ್ದ ಹಾಳೆ ಮಾತ್ರ ಮೇಜಿಗೆ, ಅಲ್ಲಿಂದ ಮೈಕಿಗೆ. ಮೈಕ್ ಹಿಡಿದವರು ಹಾಳೆ ಕೈಗೆ ಬರುವ ಮುನ್ನ ಹೆಸರು ಹೇಳಬಾರದು. ಆಕ್ಷೇಪಣೆಯನ್ನು ಫಲಿತಾಂಶ ಘೋಷಿಸಿದ 15 ನಿಮಿಷದೊಳಗೆ ತಂಡದ ನಾಯಕರೇ ಬರೆದು ಮೇಜಿಗೆ ಕೊಡಬೇಕು. ಗಾಳಿಗೆ ಹಾಳೆ ಹಾರದಂತೆ ಪ್ಯಾಡ್, ಕ್ಲಿಪ್ ಬುಧವಾರವೇ ಪಡೆದುಕೊಳ್ಳಿ.

ಪ್ರಥಮ ಚಿಕಿತ್ಸೆ

ಜೀವಶಾಸ್ತ್ರ ಶಿಕ್ಷಕಿ ಮುಖ್ಯಸ್ಥರು. ಒಬ್ಬ ಮಹಿಳಾ ಪ್ರಶಿಕ್ಷಣಾರ್ಥಿ, ನಾಲ್ವರು ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ಅವರೊಂದಿಗೆ ಇರುತ್ತಾರೆ. ಡಿ ದರ್ಜೆ ನೌಕರರು ಆಟೋ ಚಾಲಕರೊಂದಿಗೆ ಗೇಟಿನ ಬಳಿಯೇ ಇರಬೇಕು. ಕುರ್ಚಿ ಹೊರುವುದು, ಟೀ ತರುವುದು ಅಂದು ಅವರ ಕೆಲಸವಲ್ಲ. ಗಂಭೀರವಾದರೆ 108. ಅಂಥ ಸಂದರ್ಭದಲ್ಲಿ ನನ್ನ ಅನುಮತಿಗೆ ಕಾಯಬೇಡಿ, ಮೊದಲು ಕರೆ ಮಾಡಿ, ನಂತರ ನನಗೂ ಪೋಷಕರಿಗೂ ತಿಳಿಸಿ.

ಉಳುಕಿದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡಿ, ಕಾಲು ಎತ್ತರಿಸಿ. ಉಜ್ಜುವುದು, ನೀವುವುದು, ಎಳೆಯುವುದು ಬೇಡ. ತರಚಿದ ಗಾಯವನ್ನು ಸೋಪು ನೀರಿನಲ್ಲಿ ತೊಳೆಯಿರಿ, ಕಾಫಿಪುಡಿ, ಅರಿಶಿನ ಮೆತ್ತಬೇಡಿ. ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕಲ್ಲ, ಮುಂದಕ್ಕೆ ಬಾಗಿಸಿ, ಮೂಗಿನ ಮೆದು ಭಾಗವನ್ನು 10 ನಿಮಿಷ ಒತ್ತಿ ಹಿಡಿಯಿರಿ. ತಲೆ ಸುತ್ತಿ ಬಿದ್ದವರನ್ನು ನೆರಳಿನಲ್ಲಿ ಮಲಗಿಸಿ ಕಾಲು ಎತ್ತಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಕೂಡದು.

ಮೂರ್ಛೆರೋಗದ ಸೆಳವು ಬಂದರೆ ಕೈಗೆ ಬೀಗದ ಕೈ, ಕಬ್ಬಿಣ ಹಿಡಿಸುವ ರೂಢಿ ನಮ್ಮೂರಲ್ಲಿ ಇನ್ನೂ ಇದೆ. ಅದರಿಂದ ಏನೂ ಆಗುವುದಿಲ್ಲ. ಬಿಗಿಯಾಗಿ ಅದುಮಿ ಹಿಡಿಯಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ. ತಲೆಯಡಿ ಮೆತ್ತನೆಯದ್ದು ಇಟ್ಟು, ಸೆಳವು ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿ. ಐದು ನಿಮಿಷ ದಾಟಿದರೆ 108. ಸುತ್ತ ನಿಂತ ಗುಂಪು ಚದುರಿಸುವುದು ಹತ್ತಿರವಿರುವ ಶಿಕ್ಷಕರ ಕೆಲಸ.

ಆಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ ಇರುವ ಮಕ್ಕಳ ಪಟ್ಟಿಯನ್ನು ತರಗತಿ ಶಿಕ್ಷಕರು 09.12.2025ರೊಳಗೆ ಜೀವಶಾಸ್ತ್ರ ಶಿಕ್ಷಕಿಯವರಿಗೆ ಖಾಸಗಿಯಾಗಿ ಕೊಡಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಕೂಡದು. ಇನ್‌ಹೇಲರ್ ಬಳಸುವ ಮಕ್ಕಳು ಅದನ್ನು ಜೊತೆಗೇ ತರಲಿ. ವಿಜ್ಞಾನ ಪ್ರಯೋಗಾಲಯದ ಪಕ್ಕದ ಕೋಣೆಯನ್ನು ಹೆಣ್ಣುಮಕ್ಕಳಿಗೆ ಬಿಟ್ಟಿದೆ. ಪ್ಯಾಡ್ ಅಲ್ಲೇ ಸಿಗುತ್ತದೆ, ಕೇಳಿ ಬರೆದುಕೊಳ್ಳುವ ವಹಿ ಏನೂ ಬೇಡ. ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ.

ನಮ್ಮ ಹೆಚ್ಚಿನ ಮಕ್ಕಳು ಬರಿಗಾಲಲ್ಲಿ ಓಡುವವರು. ಶುಕ್ರವಾರ ಸಂಜೆ ಸುಣ್ಣದ ಗೆರೆ ಎಳೆಯುವ ಮುನ್ನ ಎಲ್ಲ ತರಗತಿಗಳೂ ಸಾಲಾಗಿ ಮೈದಾನ ನಡೆದು ಜಾಲಿ ಮುಳ್ಳು, ಗಾಜಿನ ಚೂರು ಆಯಬೇಕು. ಶಿಕ್ಷಕರೂ ಸಾಲಿನಲ್ಲಿ ಇರಬೇಕು. ಬೆಳಿಗ್ಗೆ ಏನೂ ತಿನ್ನದೆ ಬಂದ ಮಕ್ಕಳಿಗೆ 7.45ಕ್ಕೆ ಬಾಳೆಹಣ್ಣು ಕೊಡಲಾಗುವುದು; ಬಿಸಿಯೂಟ 1 ಗಂಟೆಗೆ, 800 ಮೀ. ಮುಗಿದ ನಂತರವೇ.

ಪೂರ್ವಭಾವಿ ಸಭೆ 11.12.2025ರ ಗುರುವಾರ ಮಧ್ಯಾಹ್ನ 3.30ಕ್ಕೆ ಸಿಬ್ಬಂದಿ ಕೊಠಡಿಯಲ್ಲಿ. ಸಮಯಪಾಲಕರು ಅಂದೇ ವಾಚ್ ಹಿಡಿದು ಎರಡು ಓಟಗಳನ್ನು ಅಭ್ಯಾಸ ಮಾಡಬೇಕು. ಕರ್ತವ್ಯ ಬದಲಾವಣೆ ಬೇಕಿದ್ದರೆ ಸಭೆಗೆ ಮುನ್ನ ಲಿಖಿತವಾಗಿ ತಿಳಿಸಿ. ಆ ದಿನ ಬೆಳಿಗ್ಗೆ ಫೋನಿನಲ್ಲಿ ಕೇಳಿದರೆ ಬದಲಾಯಿಸಲು ಆಗುವುದಿಲ್ಲ. ಓದಿಕೊಂಡವರು ವಹಿಯಲ್ಲಿ ಸಹಿ ಮಾಡಿ.

ಸಹಿ/-
ಮುಖ್ಯ ಶಿಕ್ಷಕರು

ಪ್ರತಿ:
ಎಸ್‌ಡಿಎಂಸಿ ಅಧ್ಯಕ್ಷರ ಮಾಹಿತಿಗಾಗಿ
ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ, ಅಂದು ಒಬ್ಬ ಶುಶ್ರೂಷಕರನ್ನು ಕಳುಹಿಸಿಕೊಡುವ ಕೋರಿಕೆಯೊಂದಿಗೆ
ಸಿಬ್ಬಂದಿ ಸೂಚನಾ ಫಲಕ
ಕಚೇರಿ ಕಡತ