ವಿಷಯ: ನನ್ನ ಮುಖ ಅಂಟಿಸಿದ ನಕಲಿ ಚಿತ್ರವನ್ನು ತೆಗೆಯುವಂತೆ ದೂರು

ಕುಂದುಕೊರತೆ ಅಧಿಕಾರಿಗಳಿಗೆ,

ಮಾರ್ಚ್ 12ರ ರಾತ್ರಿ 9.40ಕ್ಕೆ ನಿಮ್ಮ ವೇದಿಕೆಯಲ್ಲಿ ಬಂದಿರುವ ಚಿತ್ರದಲ್ಲಿ ಮುಖ ನನ್ನದು, ದೇಹ ಬೇರೊಬ್ಬರದು. ನಾನು ಒಪ್ಪಿಗೆ ಕೊಟ್ಟಿಲ್ಲ. ಮುಖವನ್ನು ನನ್ನ ಜನವರಿ 26ರ ಫೋಟೋದಿಂದ ತೆಗೆದಿದ್ದಾರೆ: ಎಡಗಿವಿಯ ಓಲೆ, ಹಣೆಯ ಕೂದಲೆಳೆ ಎರಡರಲ್ಲೂ ಒಂದೇ. ಕುತ್ತಿಗೆಯ ಬಳಿ ಮೈಬಣ್ಣ ಹೊಂದುವುದಿಲ್ಲ, ನೆರಳೂ ಬೇರೆ ದಿಕ್ಕಿಗಿದೆ.

ಐಟಿ ನಿಯಮಗಳು, 2021ರ 3(2)(ಬಿ) ಅಡಿಯಲ್ಲಿ ಚಿತ್ರವನ್ನೂ ಅದರ ಮರುಹಂಚಿಕೆಗಳನ್ನೂ ತೆಗೆಯಿರಿ. ಒಂದು ಲಿಂಕ್ ತೆಗೆದರೆ ಸಾಲದು, ಅದೇ ಫೈಲ್ ಇನ್ನೊಂದು ಖಾತೆಯಿಂದ ಮರಳಿ ಬರುತ್ತದೆ. ಹ್ಯಾಶ್ ದಾಖಲಿಸಿ ತಡೆಯಿರಿ. ಅಪ್‌ಲೋಡ್ ಮಾಡಿದವರ ಐಪಿ, ಸಮಯದ ದಾಖಲೆಗಳನ್ನು ಮಾತ್ರ ಅಳಿಸಬೇಡಿ, ಪೊಲೀಸರಿಗೆ ಬೇಕು. cybercrime.gov.in ನಲ್ಲೂ ದೂರು ಕೊಟ್ಟಿದ್ದೇನೆ.

ಪೋಸ್ಟಿನ ಪೂರ್ಣ ಲಿಂಕ್, ಸ್ಕ್ರೀನ್‌ಶಾಟ್, ಮೂಲ ಫೋಟೋ ಲಗತ್ತಿಸಿದೆ. ದೂರಿನ ಸಂಖ್ಯೆ ಕಳಿಸಿ.

ದೂರುದಾರೆ, ಹಾಸನ
ಮಾರ್ಚ್ 13